ಸಂಧಿಪದವನ್ನು ಬಿಡಿಸುವುದು ಹೇಗೆ?: ಲೋಪ, ಆಗಮ, ಆದೇಶಗಳ ಗುರುತು

'ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ' ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಅನೇಕರು ಮೊದಲು ಸಂಧಿಯ ಹೆಸರನ್ನು ಊಹಿಸಿ, ಆಮೇಲೆ ಆ ಹೆಸರಿಗೆ ಹೊಂದುವಂತೆ ಪದವನ್ನು ಒಡೆಯುತ್ತಾರೆ. ಇದನ್ನು ತಿರುಗಿಸಿ, ಮೊದಲು ಪದವನ್ನು ಸರಿಯಾಗಿ ಒಡೆದರೆ ಹೆಸರು ತಾನಾಗಿಯೇ ಹೊಳೆಯುತ್ತದೆ. ಈ ಲೇಖನದಲ್ಲಿ ಕನ್ನಡದ ಮೂರು ಸಂಧಿಗಳಾದ ಲೋಪ, ಆಗಮ ಮತ್ತು ಆದೇಶಗಳನ್ನು ಮಾತ್ರ ತೆಗೆದುಕೊಳ್ಳಲಾಗಿದೆ. ಸಂಸ್ಕೃತ ಸಂಧಿಗಳ ಮಾತು ಗೊಂದಲವಾಗುವ ಕಡೆಗಳಲ್ಲಿ ಮಾತ್ರ ಬರುತ್ತದೆ.

ಮೊದಲ ಹೆಜ್ಜೆ: ಅಕ್ಷರವನ್ನಲ್ಲ, ಧ್ವನಿಯನ್ನು ನೋಡಿ

'ಮಾತಿಲ್ಲ' ಎಂಬ ಪದವನ್ನು ಬರೆದಂತೆಯೇ ನೋಡಿದರೆ 'ಮಾ', 'ತಿ', 'ಲ್ಲ' ಎಂಬ ಮೂರು ಅಕ್ಷರಗಳು ಕಾಣುತ್ತವೆ. ಆದರೆ ಸಂಧಿ ನಡೆಯುವುದು 'ತಿ' ಎಂಬ ಒಂದೇ ಅಕ್ಷರದ ಒಳಗೆ. ಅದರಲ್ಲಿರುವ 'ತ್' ಮೊದಲ ಪದಕ್ಕೂ 'ಇ' ಎರಡನೆಯ ಪದಕ್ಕೂ ಸೇರಿದವು. ಆದ್ದರಿಂದ ಪದವನ್ನು 'ಮಾತು + ಇಲ್ಲ' ಎಂದು ಅರ್ಥವಿರುವ ಎರಡು ಭಾಗಗಳಾಗಿ ಒಡೆದ ಕೂಡಲೇ, ಪೂರ್ವಪದದ ಕೊನೆಯ ಅಕ್ಷರವನ್ನು ವ್ಯಂಜನ ಮತ್ತು ಸ್ವರವಾಗಿ ಬಿಡಿಸಿ 'ಮಾತ್ + ಉ + ಇಲ್ಲ' ಎಂದು ಬರೆದುಕೊಳ್ಳಬೇಕು. ಇದನ್ನು ಸಂಧಿಪದದ ಪಕ್ಕದಲ್ಲಿಟ್ಟು ನೋಡಿದರೆ 'ಉ' ಕಾಣೆಯಾಗಿರುವುದು ಸ್ಪಷ್ಟವಾಗುತ್ತದೆ. ಒಂದು ಸ್ವರ ಕಡಿಮೆಯಾಗಿದ್ದರೆ ಲೋಪ, ಇಲ್ಲದಿದ್ದ ಧ್ವನಿಯೊಂದು ನಡುವೆ ಬಂದಿದ್ದರೆ ಆಗಮ, ಇದ್ದ ವ್ಯಂಜನದ ಜಾಗದಲ್ಲಿ ಬೇರೊಂದು ವ್ಯಂಜನ ಬಂದಿದ್ದರೆ ಆದೇಶ.

ಎರಡನೆಯ ಹೆಜ್ಜೆ: ಲೋಪವೋ ಆಗಮವೋ?

ಸ್ವರದ ಮುಂದೆ ಸ್ವರ ಬಂದಾಗ ಲೋಪವೂ ಆಗಬಹುದು, ಆಗಮವೂ ಆಗಬಹುದು. 'ಊರು + ಅನ್ನು' ಎಂಬುದು 'ಊರನ್ನು' ಎಂದಾದರೆ, 'ಗುರು + ಅನ್ನು' ಎಂಬುದು 'ಗುರುವನ್ನು' ಎಂದಾಗುತ್ತದೆ. ಎರಡೂ ಪದಗಳು 'ರು' ಎಂದೇ ಕೊನೆಗೊಂಡರೂ ಫಲ ಬೇರೆಯಾಗುವುದೇಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಲೋಪದ ಸೂತ್ರದಲ್ಲಿ 'ಅರ್ಥ ಕೆಡದಂತಿದ್ದರೆ' ಎಂಬ ಮಾತಿದೆ. ಸೂತ್ರವನ್ನು ಬಾಯಿಪಾಠ ಮಾಡುವವರು ಗಮನಿಸದೆ ದಾಟಿಹೋಗುವುದು ಇದನ್ನೇ. ಕರ (ತೆರಿಗೆ), ಕರಿ (ಆನೆ), ಕರು, ಕರೆ ಎಂಬ ನಾಲ್ಕು ಪದಗಳಿಗೆ 'ಅನ್ನು' ಪ್ರತ್ಯಯವನ್ನು ಸೇರಿಸುವಾಗ ಕೊನೆಯ ಸ್ವರವನ್ನು ಲೋಪ ಮಾಡಿದರೆ ನಾಲ್ಕೂ 'ಕರನ್ನು' ಎಂದೇ ಆಗಿಬಿಡುತ್ತವೆ; ಹೇಳಿದ್ದು ತೆರಿಗೆಯ ಮಾತೋ ಕರುವಿನ ಮಾತೋ ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ಭಾಷೆ ಆ ಸ್ವರವನ್ನು ಉಳಿಸಿಕೊಂಡು, ಎರಡು ಸ್ವರಗಳ ನಡುವೆ 'ಯ' ಅಥವಾ 'ವ' ಎಂಬ ವ್ಯಂಜನವನ್ನು ತಂದುಕೊಳ್ಳುತ್ತದೆ. ಆಗ ಕರವನ್ನು, ಕರಿಯನ್ನು, ಕರುವನ್ನು, ಕರೆಯನ್ನು ಎಂಬ ನಾಲ್ಕು ಬೇರೆಬೇರೆ ರೂಪಗಳು ದೊರೆಯುತ್ತವೆ.

'ಊರು' ಪದದ ಸ್ಥಿತಿ ಹಾಗಲ್ಲ. ಹಳಗನ್ನಡದಲ್ಲಿ ಅದು 'ಊರ್' ಎಂದೇ ಇತ್ತು. ನೀರು, ಕಾಲು ಎಂಬವೂ 'ನೀರ್', 'ಕಾಲ್' ಎಂದಿದ್ದವು. ಇವುಗಳ ಕೊನೆಯ 'ಉ' ಉಚ್ಚಾರಣೆಯ ಅನುಕೂಲಕ್ಕೆ ಸೇರಿಕೊಂಡದ್ದು. ಅದು ಹೋದರೂ ಪದದ ಗುರುತು ಹೋಗುವುದಿಲ್ಲವಾದ್ದರಿಂದ ಊರನ್ನು, ನೀರಿಲ್ಲ, ಕಾಲಿಂದ ಎಂಬಲ್ಲಿ ಲೋಪ ಸಲೀಸಾಗಿ ನಡೆಯುತ್ತದೆ. ಗುರು, ಹಸು, ಮಗು, ಕರು ಎಂಬ ಗಿಡ್ಡ ಪದಗಳಲ್ಲಿ 'ಉ' ಪದದ ಅಂಗವೇ ಆಗಿರುವುದರಿಂದ ಅದು ಉಳಿದು, ಮುಂದೆ 'ವ' ಬರುತ್ತದೆ. ಅನುಮಾನ ಬಂದಾಗ ಎರಡು ರೂಪಗಳನ್ನೂ ಗಟ್ಟಿಯಾಗಿ ಹೇಳಿ ನೋಡುವುದು ಒಳ್ಳೆಯದು. 'ಮಗನ್ನು ಎತ್ತಿಕೊಂಡಳು' ಎಂದರೆ ಕನ್ನಡದ ಕಿವಿ ಒಪ್ಪುವುದಿಲ್ಲ.

ಯ ಬರುವುದೋ ವ ಬರುವುದೋ ಎಂಬುದು ಪೂರ್ವಪದದ ಕೊನೆಯ ಸ್ವರವನ್ನು ಅವಲಂಬಿಸಿದೆ. ಇ, ಈ, ಎ, ಏ, ಐ ಸ್ವರಗಳನ್ನು ಉಚ್ಚರಿಸುವಾಗ ನಾಲಗೆ ಮುಂದಕ್ಕೆ ಬಂದು ಅಂಗುಳದತ್ತ ಏಳುತ್ತದೆ. ಅಲ್ಲಿಂದ ಹತ್ತಿರವಾಗಿರುವುದು ಯಕಾರ. ಮಳೆಯಿಂದ, ಕೈಯನ್ನು ಎಂಬವು ಇದಕ್ಕೆ ನಿದರ್ಶನ. ಉ, ಊ, ಓ ಸ್ವರಗಳಲ್ಲಿ ತುಟಿ ದುಂಡಗಾಗುವುದರಿಂದ ಹಸುವನ್ನು, ಹೂವಿನ, ಗೋವನ್ನು ಎಂದು ವಕಾರ ಬರುತ್ತದೆ. ತುಟಿಯನ್ನು ದುಂಡಗೆ ಮಾಡದ ಅಕಾರದ ಮುಂದೆಯೂ 'ಮರವನ್ನು' ಎಂದು ವಕಾರವೇ ಬರುತ್ತದೆ ಎಂಬುದನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಬೇಕು.

ಮೂರನೆಯ ಹೆಜ್ಜೆ: ವ್ಯಂಜನ ಬದಲಾಗಿದೆಯೇ?

ಸಮಾಸ ಮಾಡುವಾಗ ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಬರುವುದು ಆದೇಶದ ಮುಖ್ಯ ರೂಪ. ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ, ಕಣ್ + ಪನಿ = ಕಂಬನಿ. ಕೊನೆಯ ಪದವನ್ನು 'ಕಂ + ಬನಿ' ಎಂದು ಒಡೆಯುವವರಿದ್ದಾರೆ. 'ಬನಿ' ಎಂದರೇನು ಎಂದು ತಮ್ಮನ್ನೇ ಕೇಳಿಕೊಂಡರೆ ತಪ್ಪು ತಿಳಿಯುತ್ತದೆ: ಇಂದಿನ 'ಹನಿ' ಹಳಗನ್ನಡದಲ್ಲಿ 'ಪನಿ' ಆಗಿತ್ತು, ಆ ಪಕಾರವೇ ಇಲ್ಲಿ ಬಕಾರವಾಗಿದೆ.

ಈ ನಿಯಮವನ್ನು ಎಲ್ಲೆಡೆ ಹೇರುವಂತಿಲ್ಲ. 'ಹೊಸಗನ್ನಡ' ಎನ್ನುತ್ತೇವೆ, ಆದರೆ 'ಹೊಸ ಕತೆ' ಎಂಬುದನ್ನು 'ಹೊಸಗತೆ' ಎನ್ನುವುದಿಲ್ಲ. ಮನೆಕೆಲಸ, ಮನೆಗೆಲಸ ಎರಡೂ ಬಳಕೆಯಲ್ಲಿವೆ. ರೂಢಿಯಲ್ಲಿರುವ ಪದವನ್ನು ಬಿಡಿಸಲು ಸೂತ್ರ ನೆರವಾಗುತ್ತದೆಯೇ ಹೊರತು, ಹೊಸ ಪದಗಳನ್ನು ಹುಟ್ಟಿಸಲು ಅದೊಂದೇ ಸಾಲದು.

ನಾಲ್ಕನೆಯ ಹೆಜ್ಜೆ: ಸಂಸ್ಕೃತ ಸಂಧಿಯ ಅನುಮಾನ

'ಊರು + ಊರು = ಊರೂರು' ಎಂಬುದನ್ನು ಸವರ್ಣದೀರ್ಘ ಎಂದು ಬರೆದು ಅಂಕ ಕಳೆದುಕೊಳ್ಳುವುದು ಸಾಮಾನ್ಯ, ಏಕೆಂದರೆ ಅಲ್ಲಿಯೂ ಉಕಾರದ ಮುಂದೆ ಊಕಾರ ಬಂದು ದೀರ್ಘವೇ ಉಳಿದಿದೆ. ಆದರೆ ಆ ದೀರ್ಘ ಎರಡನೆಯ 'ಊರು' ಪದದಲ್ಲಿ ಮೊದಲೇ ಇದ್ದದ್ದು. ಹ್ರಸ್ವದಿಂದ ಮೊದಲಾಗುವ ಪದವನ್ನು ಸೇರಿಸಿದರೆ ಇದು ಖಚಿತವಾಗುತ್ತದೆ: 'ಊರು + ಉಳಿಯಿತು' ಎಂಬುದು 'ಊರುಳಿಯಿತು' ಆಗುತ್ತದೆಯೇ ಹೊರತು 'ಊರೂಳಿಯಿತು' ಆಗುವುದಿಲ್ಲ. ಸಂಸ್ಕೃತ ಪದಗಳಾದ 'ಗುರು + ಉಪದೇಶ' ಸೇರಿದಾಗ ಮಾತ್ರ ಎರಡು ಹ್ರಸ್ವಗಳು ಕೂಡಿ 'ಗುರೂಪದೇಶ' ಎಂದು ದೀರ್ಘ ಬರುತ್ತದೆ. ಹಾಗೆಯೇ 'ದಿಕ್ + ಅಂತ = ದಿಗಂತ' ಎಂಬಲ್ಲಿ ಕಕಾರ ಗಕಾರವಾದುದನ್ನು ಕಂಡು ಆದೇಶ ಎನ್ನಬಾರದು; ಅಲ್ಲಿ ಬದಲಾದದ್ದು ಪೂರ್ವಪದದ ಕೊನೆಯ ವ್ಯಂಜನ, ಆದ್ದರಿಂದ ಅದು ಜಶ್ತ್ವ ಸಂಧಿ.

ಒಂದು ವಾಕ್ಯವನ್ನು ಬಿಡಿಸೋಣ

'ಮಳೆಗಾಲವೆಂದರೂ ನಮ್ಮೂರ ಕೆರೆಯಲ್ಲಿ ನೀರಿರಲಿಲ್ಲ.' ಮೊದಲ ಪದದಲ್ಲಿ ಮೂರು ತುಂಡುಗಳಿವೆ: ಮಳೆ + ಕಾಲ + ಎಂದರೂ. ಮೊದಲ ಕೂಡಿಕೆಯಲ್ಲಿ 'ಕ' ಹೋಗಿ 'ಗ' ಬಂದಿರುವುದರಿಂದ ಆದೇಶ. ಎರಡನೆಯದರಲ್ಲಿ 'ಕಾಲ' ಪದದ ಅಕಾರ ಉಳಿದು 'ವ' ಬಂದಿರುವುದರಿಂದ ಆಗಮ. 'ನಮ್ಮ + ಊರ' ಎಂಬಲ್ಲಿ ಅಕಾರ ಲೋಪವಾಗಿದೆ. 'ಕೆರೆ + ಅಲ್ಲಿ' ಎಂಬುದು ಯಕಾರಾಗಮ. 'ನೀರು + ಇರಲಿಲ್ಲ' ಲೋಪ; ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ 'ಇರಲಿಲ್ಲ' ಎಂಬುದೂ 'ಇರಲು + ಇಲ್ಲ' ಎಂದು ಒಡೆಯುತ್ತದೆ, ಅದೂ ಲೋಪವೇ. ಪ್ರಶ್ನೆಪತ್ರಿಕೆಯಲ್ಲಿ 'ನೀರಿರಲಿಲ್ಲ' ಎಂಬ ಇಡೀ ಪದವನ್ನೇ ಕೊಟ್ಟಿದ್ದರೆ ಎರಡು ಕೂಡಿಕೆಗಳನ್ನೂ ತೋರಿಸಿ 'ನೀರು + ಇರಲು + ಇಲ್ಲ' ಎಂದು ಬರೆಯಬೇಕು.