ರೈಸ್ ಮಿಲ್ಲಿನ ಸ್ಕೋರ್ 3.09 ಬಂತು, ಸಾಲ ಕೊಡಬಹುದಾ?

ಮಂಡ್ಯದ ಒಂದು ರೈಸ್ ಮಿಲ್ ತನ್ನ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಲಿಮಿಟ್ ಹೆಚ್ಚಿಸಿ ಎಂದು ಬ್ಯಾಂಕಿಗೆ ಅರ್ಜಿ ಹಾಕಿದೆ ಎಂದುಕೊಳ್ಳಿ. ಪ್ರೈವೇಟ್ ಲಿಮಿಟೆಡ್ ಕಂಪನಿ, ಆಡಿಟ್ ಆದ ಲೆಕ್ಕ ಕೈಯಲ್ಲಿದೆ. ಕಂಪನಿ ಮುಳುಗುವ ಸೂಚನೆ ಇದೆಯಾ ಎಂದು ನೋಡಲು ಕ್ರೆಡಿಟ್ ಅನಾಲಿಸ್ಟ್‌ಗಳು ಬಳಸುವ ಹಳೆಯ ಸಾಧನ ಆಲ್ಟ್‌ಮನ್ ಝಡ್-ಸ್ಕೋರ್. ಮಿಲ್ಲೂ ಅದರ ಅಂಕಿಗಳೂ ಕಲ್ಪಿತ. ಸೂತ್ರ ಮಾತ್ರ ಅಸಲಿ.

ಮೊದಲು ಸೂತ್ರ ಆರಿಸಿ. ಎಡ್ವರ್ಡ್ ಆಲ್ಟ್‌ಮನ್ 1968ರಲ್ಲಿ ಕೊಟ್ಟ ಮೂಲ ಸೂತ್ರಕ್ಕೆ ಷೇರಿನ ಮಾರುಕಟ್ಟೆ ಬೆಲೆ ಬೇಕು. ನಮ್ಮ ಮಿಲ್ಲಿನ ಷೇರು ಎಲ್ಲೂ ಮಾರಾಟಕ್ಕಿಲ್ಲ. ಹಾಗಾಗಿ ಲಿಸ್ಟ್ ಆಗದ ತಯಾರಿಕಾ ಕಂಪನಿಗಳಿಗೆಂದು ಅವರೇ ಆಮೇಲೆ ಬದಲಿಸಿದ ಸೂತ್ರ ಹಿಡಿಯೋಣ:

```
Z' = 0.717 X1 + 0.847 X2 + 3.107 X3
   + 0.420 X4 + 0.998 X5
```

2.90 ದಾಟಿದರೆ ಸುರಕ್ಷಿತ, 1.23ಕ್ಕಿಂತ ಕಡಿಮೆಯಾದರೆ ಅಪಾಯ, ನಡುವಿನದು ಅನುಮಾನದ ಜಾಗ.

ಈಗ ಬ್ಯಾಲೆನ್ಸ್ ಶೀಟಿನಿಂದ ಅಂಕಿ ಎತ್ತಿ. ಒಟ್ಟು ಆಸ್ತಿ 500 ಲಕ್ಷ. ಅಲ್ಪಾವಧಿ ಆಸ್ತಿಯಿಂದ ಅಲ್ಪಾವಧಿ ಬಾಕಿ ಕಳೆದು ಉಳಿಯುವ ವರ್ಕಿಂಗ್ ಕ್ಯಾಪಿಟಲ್ 60, ಇಲ್ಲಿವರೆಗೆ ಉಳಿಸಿಕೊಂಡ ಲಾಭ 50, ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ 40, ಮಾರಾಟ 1,250 ಲಕ್ಷ. ಈ ನಾಲ್ಕನ್ನೂ ಒಟ್ಟು ಆಸ್ತಿಯಿಂದ ಭಾಗಿಸಿದರೆ ಕ್ರಮವಾಗಿ X1, X2, X3, X5 ಸಿಗುತ್ತವೆ: 0.12, 0.10, 0.08, 2.5. X4 ಎಂದರೆ ನೆಟ್ ವರ್ತನ್ನು, ಅಂದರೆ ಆಸ್ತಿಯಲ್ಲಿ ಸಾಲ-ಬಾಕಿ ಕಳೆದು ಉಳಿದದ್ದನ್ನು, ಒಟ್ಟು ಸಾಲ-ಬಾಕಿಯಿಂದ ಭಾಗಿಸಿದ್ದು. 150ನ್ನು 350ರಿಂದ ಭಾಗಿಸಿ, 0.43. ಸೂತ್ರಕ್ಕೆ ಹಾಕಿದರೆ 3.09. ಸುರಕ್ಷಿತ!

(ಅರ್ಜಿದಾರರು ಪಾಲುದಾರಿಕೆ ಸಂಸ್ಥೆಯಾಗಿದ್ದರೆ X2 ಹತ್ತಿರವೇ ತಡವರಿಸುತ್ತೀರಿ. ಪಾಲುದಾರರು ಲಾಭವನ್ನು ಬಂಡವಾಳದ ಖಾತೆಗೆ ಹಾಕಿಕೊಂಡು, ಬೇಕಾದಾಗ ತೆಗೆಯುತ್ತಾರೆ. ಉಳಿಸಿದ ಲಾಭ ಎಂಬ ಪ್ರತ್ಯೇಕ ಸಾಲೇ ಇರುವುದಿಲ್ಲ.)

ಸ್ಕೋರ್ ಎಲ್ಲಿಂದ ಬಂತು ನೋಡಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. 3.09ರಲ್ಲಿ ಸುಮಾರು 2.5 ಬರೀ ಮಾರಾಟದಿಂದ ಬಂದದ್ದು. ಅಕ್ಕಿ ವ್ಯಾಪಾರದಲ್ಲಿ ಟರ್ನೋವರ್ ಜಾಸ್ತಿ, ಲಾಭದ ಅಂಚು ಕಡಿಮೆ. ಭತ್ತ ಕೊಂಡು, ಅಕ್ಕಿ ಮಾಡಿ, ಮಾರಿ, ಮತ್ತೆ ಕೊಳ್ಳುತ್ತಾರೆ. ಆರೋಗ್ಯವಾಗಿರುವ ಮಿಲ್ಲಿಗೂ ಬಳಲುತ್ತಿರುವ ಮಿಲ್ಲಿಗೂ X5 ದೊಡ್ಡದೇ.

ಅದಕ್ಕೇ ಮಾರಾಟವನ್ನು ಬಿಟ್ಟ ಇನ್ನೊಂದು ಆಲ್ಟ್‌ಮನ್ ಸೂತ್ರವನ್ನೂ ಹಾಕಿ ನೋಡಬೇಕು:

```
Z'' = 6.56 X1 + 3.26 X2 + 6.72 X3 + 1.05 X4
```

ಇಲ್ಲಿ ಗಡಿಗಳು 2.6 ಮತ್ತು 1.1. ಅದೇ ಮಿಲ್ಲಿಗೆ 2.10 ಬರುತ್ತದೆ. ಒಂದು ಸೂತ್ರ ಸುರಕ್ಷಿತ ಎಂದರೆ, ಇನ್ನೊಂದು ಅನುಮಾನ ಎನ್ನುತ್ತಿದೆ.

ಯಾವುದನ್ನು ನಂಬಬೇಕು ಎಂದು ತಿಳಿಯಲು, ಮಿಲ್ಲಿಗೆ ದುಡ್ಡು ಕೊಡಬೇಕಾದ ಬಾಕಿದಾರರ ಪಟ್ಟಿ ಕೇಳಿ. ಯಾರ ಬಾಕಿ ಎಷ್ಟು ದಿನದ್ದು ಎಂಬ ವಿವರ ಅದರಲ್ಲಿರಬೇಕು. ನಮ್ಮ ಮಿಲ್ಲಿನ ಪಟ್ಟಿಯಲ್ಲಿ ಒಬ್ಬನೇ ವ್ಯಾಪಾರಿಯ 60 ಲಕ್ಷ ಆರು ತಿಂಗಳಿಂದ ಹಾಗೇ ಕೂತಿದೆ ಎನ್ನೋಣ. ಈ ದುಡ್ಡು ಬರಲ್ಲ ಎಂದು ಲೆಕ್ಕದಿಂದ ತೆಗೆಯಿರಿ. ಆಸ್ತಿ 440ಕ್ಕೆ, ನೆಟ್ ವರ್ತ್ 90ಕ್ಕೆ ಇಳಿಯಿತು. ವರ್ಕಿಂಗ್ ಕ್ಯಾಪಿಟಲ್ ಸೊನ್ನೆ. ಉಳಿಸಿದ ಲಾಭ ಹೋಗಿ 10 ಲಕ್ಷ ಕೊರತೆ, ಈ ವರ್ಷದ 40 ಲಕ್ಷ ಲಾಭದ ಜಾಗದಲ್ಲಿ 20 ಲಕ್ಷ ನಷ್ಟ.

ಎರಡನೇ ಸೂತ್ರದಲ್ಲಿ ಸ್ಕೋರ್ ಸೊನ್ನೆಗಿಂತ ಕೆಳಗೆ, -0.11. ನೇರ ಅಪಾಯ. ಆದರೆ ಮೊದಲ ಸೂತ್ರ ಇನ್ನೂ 2.78 ತೋರಿಸುತ್ತದೆ, ಸುರಕ್ಷಿತ ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ. ಯಾಕೆ ಗೊತ್ತಾ? ಮಾರಾಟ ಅಷ್ಟೇ ಇದೆ, ಆಸ್ತಿ ಕಡಿಮೆಯಾಗಿದೆ. ಹಾಗಾಗಿ X5 ಎಂಬ ಅನುಪಾತ 2.5ರಿಂದ 2.84ಕ್ಕೆ ಏರಿತು. ಕಂಪನಿ 60 ಲಕ್ಷ ಕಳೆದುಕೊಂಡದ್ದಕ್ಕೆ ಸೂತ್ರವೇ ಒಂದಿಷ್ಟು ಅಂಕ ಕೊಟ್ಟಿತು!

ಕಡಿಮೆ ಸ್ಕೋರನ್ನೂ ಕಣ್ಣುಮುಚ್ಚಿ ನಂಬಬೇಡಿ. ಆಲ್ಟ್‌ಮನ್ ಮೂಲ ಸೂತ್ರ ಕಟ್ಟಿದ್ದು ಅಮೆರಿಕದ 66 ತಯಾರಿಕಾ ಕಂಪನಿಗಳ ಲೆಕ್ಕದ ಮೇಲೆ. ಅದರಲ್ಲಿ 33 ದಿವಾಳಿಯಾದವು. ಅರ್ಧಕ್ಕರ್ಧ! ಯಾವ ಬ್ಯಾಂಕ್ ಶಾಖೆಯಲ್ಲೂ ಹಾಗಿರಲ್ಲ ಅಲ್ವಾ? ಉದಾಹರಣೆಗೆ 1,000 ಸಾಲಗಾರರಲ್ಲಿ 30 ಮಂದಿ ಕೈಕೊಡುತ್ತಾರೆ ಎನ್ನಿ. ಸ್ಕೋರ್ ಅವರಲ್ಲಿ 27 ಮಂದಿಯನ್ನು ಹಿಡಿಯುತ್ತದೆ, ಒಳ್ಳೆಯವರಲ್ಲಿ ನೂರಕ್ಕೆ ಹತ್ತು ಜನರನ್ನು ತಪ್ಪಾಗಿ ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳಿ. ಆಗ ಅಪಾಯದ ಪಟ್ಟಿಯಲ್ಲಿ 124 ಹೆಸರು, ಅದರಲ್ಲಿ 97 ಒಳ್ಳೆಯವರದ್ದು. ಸುಮ್ನೆ ಅರ್ಜಿ ತಳ್ಳಿಹಾಕಲು ಇದು ಸಾಲದು. ಇನ್ನಷ್ಟು ಕಾಗದ ಕೇಳಲು ಸಾಕು.

ಕೊನೆಗೆ ಟಿಪ್ಪಣಿ ಬರೆಯಿರಿ. "ಸ್ಕೋರ್ 3.09, ಸುರಕ್ಷಿತ" ಎಂದಷ್ಟೇ ಬರೆದರೆ ಮೇಲಧಿಕಾರಿಗೆ ಏನೂ ತಿಳಿಯುವುದಿಲ್ಲ. ಎರಡೂ ಸೂತ್ರದ ಉತ್ತರ, ಮಾರಾಟದ ಪಾಲು, 60 ಲಕ್ಷ ತೆಗೆದ ಮೇಲಿನ ಉತ್ತರ ಮೂರನ್ನೂ ಪಕ್ಕಪಕ್ಕ ಬರೆಯಿರಿ. ಬ್ಯಾಲೆನ್ಸ್ ಶೀಟ್ ಮಾರ್ಚ್ 31ರದ್ದು. ಅದಾದ ಮೇಲಿನ ತಿಂಗಳುಗಳ ಜಿಎಸ್‌ಟಿ ರಿಟರ್ನ್ ಮತ್ತು ಸಿಸಿ ಖಾತೆಯ ಸ್ಟೇಟ್‌ಮೆಂಟ್ ತರಿಸಿ. ರಿಟರ್ನ್‌ನಲ್ಲಿ ಮಾರಾಟ ಹೇಗಿದೆ ಎಂದು, ಸ್ಟೇಟ್‌ಮೆಂಟ್‌ನಲ್ಲಿ ಆ ವ್ಯಾಪಾರಿಯಿಂದ ಒಂದು ರೂಪಾಯಿಯಾದರೂ ಬಂದಿದೆಯಾ ಎಂದು ನೋಡಿ. ಬಂದಿಲ್ಲದಿದ್ದರೆ, ಲಿಮಿಟ್ ಲೆಕ್ಕ ಹಾಕುವಾಗ ಆ 60 ಲಕ್ಷವನ್ನು ಮಿಲ್ಲಿಗೆ ಬರಬೇಕಾದ ಬಾಕಿಯಲ್ಲಿ ಸೇರಿಸಬೇಡಿ.