ಕಾಕಾನ ಪಾಸ್‌ಬುಕ್ ಫೋಟೋ ಮತ್ತು ನಾಕು ಪರ್ಸೆಂಟ್ ಲೆಕ್ಕ

ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಲ್ಲಿ ನಂದೊಂದು ಝೆರಾಕ್ಸ್, ಆನ್‌ಲೈನ್ ಅಂಗಡಿ. ಪಹಣಿ ತೆಗೆಯೋದು, ಬೆಳೆ ವಿಮೆ ತುಂಬೋದು ಇವೆಲ್ಲದರ ಜೊತೆಗೆ ಮೇ ತಿಂಗಳು ಬಂತೆಂದರೆ ಇನ್ನೊಂದು ಕೆಲಸ ತಾನಾಗೇ ಮೈಮೇಲೆ ಬೀಳುತ್ತದೆ. ಬೆಳೆ ಸಾಲ ತಿರುವಿ ಹಾಕಲು, ಅಂದರೆ ಹಳೆಯದನ್ನು ಕಟ್ಟಿ ಮತ್ತೆ ಎತ್ತಲು, ಬ್ಯಾಂಕಿಗೆ ಎಷ್ಟು ರೊಕ್ಕ ಒಯ್ಯಬೇಕು ಅಂತ ಹೇಳುವುದು. 2025ರ ಮೇ ಕೊನೆಗೆ ನಮ್ಮ ಓಣಿಯ ಕಾಕಾ ಫೋನ್ ಮಾಡಿದ. "ತಮ್ಮಾ, ನಾಕು ಪರ್ಸೆಂಟ್ ಅಂತಾರಲ್ಲ, ಅದನ್ನ ಹಿಡಿದು ಒಂದ್ ಲೆಕ್ಕಾ ಮಾಡಿ ಹೇಳು. ಪಾಸ್‌ಬುಕ್ ಫೋಟೋ ಕಳಿಸೇನಿ."

ಮೊದಲು ಬಂದ ಫೋಟೋ ಉಳಿತಾಯ ಖಾತೆಯದು. ಇದು ಹತ್ತಕ್ಕೆ ಆರು ಸಲ ಆಗುವಂಥದ್ದೇ. ಸಾಲದ ಖಾತೆಯಾದರೆ ಬ್ಯಾಲೆನ್ಸ್ ಮುಂದೆ ಡಿಆರ್ ಅಂತ ಇರುತ್ತದೆ, ರೊಕ್ಕ ತೆಗೆದಾಗ ಆ ಅಂಕಿ ಏರುತ್ತದೆ. ಯಾವ ಬ್ಯಾಂಕಿನದು ಅನ್ನೋದನ್ನೂ ಆಗಲೇ ನೋಡಿಕೊಳ್ಳಬೇಕು. ಸೊಸೈಟಿ ಸಾಲವಾದರೆ ಈ ಲೆಕ್ಕವೇ ಬೇರೆ, ಅಲ್ಲಿ ವಾಯಿದೆಯೊಳಗೆ ಕಟ್ಟಿದವರಿಗೆ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. ಕಾಕಾನದು ವಾಣಿಜ್ಯ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ, ಗೋವಿನಜೋಳಕ್ಕೆ ಎತ್ತಿದ್ದು.

ಎರಡನೇ ಫೋಟೋದಲ್ಲಿ ನಾಲ್ಕು ಸಾಲು ಇದ್ದವು. 12-06-2024ಕ್ಕೆ 90,000 ತೆಗೆದಿದ್ದಾನೆ. 08-07-2024ಕ್ಕೆ ಇನ್ನೊಂದು ಸಲ ತೆಗೆದಿದ್ದಾನೆ, ಆದರೆ ಅಲ್ಲಿ ಪ್ರಿಂಟರಿನ ರಿಬ್ಬನ್ ಮಾಸಿ 33,000ವೋ 38,000ವೋ ತಿಳಿಯಲಿಲ್ಲ. 29-07-2024ಕ್ಕೆ ಬೆಳೆ ವಿಮೆಯ ಕಂತು 1,400 ಸಾಲದ ಖಾತೆಯಿಂದಲೇ ಹೋಗಿದೆ. 31-03-2025ಕ್ಕೆ ಬಡ್ಡಿ ಅಂತ 7,044 ಹಾಕಿದ್ದಾರೆ.

ಇಂಥ ಅನುಮಾನದ ಅಂಕಿಗೆ ನಾನು ಮೊದಲು ನೋಡೋದು ಬ್ಯಾಲೆನ್ಸ್ ಕಾಲಂ. ಹಿಂದಿನ ಬ್ಯಾಲೆನ್ಸಿಗೆ ತೆಗೆದದ್ದನ್ನು ಕೂಡಿಸಿದರೆ ಮುಂದಿನ ಬ್ಯಾಲೆನ್ಸ್ ಬರಲೇಬೇಕು. ಇಲ್ಲಿ ಅದೂ ಕೈಕೊಟ್ಟಿತು. ಅದೇ ಸಾಲಿನ ಬ್ಯಾಲೆನ್ಸೂ 1,23,000 ಅಥವಾ 1,28,000, ಎರಡೂ ಹೊಂದುತ್ತವೆ! ಒಂದು ಸಾಲು ಕೆಳಗೆ ಇಳಿದೆ. ವಿಮೆ ಕಂತು ಹೋದ ಮೇಲಿನ ಬ್ಯಾಲೆನ್ಸ್ 1,29,400 ಅಂತ ಸ್ಪಷ್ಟವಾಗಿ ಇತ್ತು. 33,000 ಆಗಿದ್ದರೆ ಅಲ್ಲಿ 1,24,400 ಇರಬೇಕಿತ್ತು. ನಾಕು, ಒಂಬತ್ತರಲ್ಲಿ ಗೊಂದಲ ಇಲ್ಲ. ಹಾಗಾಗಿ 38,000.

ಫೋಟೋ ವಾಟ್ಸಾಪ್‌ನಲ್ಲಿ ಬಂದರೆ ಅದು ಕುಗ್ಗಿ, ಮಾಸಿದ ಅಂಕಿ ಇನ್ನೂ ಮಾಸುತ್ತದೆ. ಅದಕ್ಕೆ ಈಗೀಗ "ಡಾಕ್ಯುಮೆಂಟ್ ಅಂತ ಕಳಿಸ್ರಿ, ಫ್ಲ್ಯಾಶ್ ಬ್ಯಾಡ, ಬಾಗಿಲ ಬೆಳಕಿಗೆ ಹಿಡೀರಿ" ಅಂತ ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ದರ. ನಾಕು ಪರ್ಸೆಂಟ್ ಅನ್ನೋದು ಪಾಸ್‌ಬುಕ್ಕಿನಲ್ಲಿ ಎಲ್ಲೂ ಕಾಣುವುದಿಲ್ಲ, ಖಾತೆಗೆ ಹಾಕುವ ಬಡ್ಡಿ ಶೇ 7. 3 ಲಕ್ಷದವರೆಗಿನ ಬೆಳೆ ಸಾಲವನ್ನು ವಾಯಿದೆಯೊಳಗೆ ತೀರಿಸಿದವನಿಗೆ ಕೇಂದ್ರ ಸರ್ಕಾರ ಕೊಡುವ ಶೇ 3ರ ರಿಯಾಯಿತಿ ಕಳೆದಾಗ ಉಳಿಯುವುದು ನಾಕು. ಹೀಗಾಗಿ ಮೊದಲು ಬ್ಯಾಂಕು ಏಳರಲ್ಲೇ ಹಾಕಿದೆಯಾ ಅಂತ ಆ 7,044ರಿಂದ ತಾಳೆ ನೋಡಿದೆ. ಪ್ರತಿ ಸಲ ತೆಗೆದ ರೊಕ್ಕಕ್ಕೂ ಅದದರ ದಿನದಿಂದಲೇ ಬಡ್ಡಿ. ಶೀಟಿನಲ್ಲಿ A ಕಾಲಂಗೆ ತಾರೀಕು, B ಕಾಲಂಗೆ ರೊಕ್ಕ ಹಾಕಿ ಬರೆದದ್ದು ಇಷ್ಟೇ:

```
=B2*7*(DATE(2025,3,31)-A2)/36500
```

ಮೊದಲ ಸಲ ಮೂರನೇ ಸಾಲಿಗೆ `#VALUE!` ಬಂತು. ನನ್ನ ಕಂಪ್ಯೂಟರಿನಲ್ಲಿ ತಾರೀಕು ಅಮೆರಿಕದ ಕ್ರಮದಲ್ಲಿತ್ತು. 29ನೇ ತಿಂಗಳು ಅನ್ನೋದು ಇಲ್ಲವಲ್ಲ, ಅದಕ್ಕೆ ಅಲ್ಲಿ ಮುಗ್ಗರಿಸಿತ್ತು. ನಿಜವಾದ ಅಪಾಯ ಇದ್ದದ್ದು ಮೇಲಿನ ಎರಡು ಸಾಲಿನಲ್ಲಿ. ಜೂನ್ 12 ಸದ್ದಿಲ್ಲದೆ ಡಿಸೆಂಬರ್ 6 ಆಗಿತ್ತು, ಜುಲೈ 8 ಆಗಸ್ಟ್ 7 ಆಗಿತ್ತು. ವಿಮೆ ಸಾಲು ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಕ್ರಮ ಸರಿ ಮಾಡಿದ ಮೇಲೆ 90,000ಕ್ಕೆ 292 ದಿನ, 5,040 ರೂಪಾಯಿ. 38,000ಕ್ಕೆ 266 ದಿನ, 1,938.52. ವಿಮೆಯ 1,400ಕ್ಕೆ 245 ದಿನ, 65.78. ಕೂಡಿಸಿದರೆ 7,044.30. ಬ್ಯಾಂಕು ಹಾಕಿದ್ದೂ 7,044. ದರ ಏಳು ಅನ್ನೋದೂ ಖಾತ್ರಿಯಾಯಿತು, 38,000 ಅನ್ನೋದೂ ಇನ್ನೊಂದು ದಾರಿಯಿಂದ ಖಾತ್ರಿಯಾಯಿತು. ಎಲ್ಲರದೂ ಹೀಗೆ ರೂಪಾಯಿಗೆ ರೂಪಾಯಿ ಕೂಡುವುದಿಲ್ಲ. ಒಂದು ದಿನ ಹೆಚ್ಚುಕಡಿಮೆ ಎಣಿಸಿದರೆ ಈ ಸಾಲಕ್ಕೆ 25 ರೂಪಾಯಿ ಫರಕು ಬರುತ್ತದೆ, ಅದನ್ನು ನಾನು ಬಿಟ್ಟುಬಿಡುತ್ತೇನೆ. 33,000 ಅಂತ ಓದಿದ್ದರೆ 255 ರೂಪಾಯಿ ಕಡಿಮೆ ಬೀಳುತ್ತಿತ್ತು. ಅಷ್ಟು ಫರಕು ಬಂದರೆ ಬ್ಯಾಂಕನ್ನು ಬೈಯುವ ಮೊದಲು ಫೋಟೋವನ್ನೇ ಮತ್ತೆ ಹಿಗ್ಗಿಸಿ ನೋಡಬೇಕು.

ಕಾಕಾ ಕಟ್ಟುವುದು ಮೇ 28ಕ್ಕೆ ಅಂದಿದ್ದ. ಮಾರ್ಚ್ 31ರಿಂದ 58 ದಿನ. ಇಲ್ಲೊಂದು ಎಡವುವ ಜಾಗ ಇದೆ. ಪಾಸ್‌ಬುಕ್ಕಿನ ಕೊನೆಯ ಬ್ಯಾಲೆನ್ಸ್ 1,36,444, ಅದರಲ್ಲಿ ಬಡ್ಡಿಯೂ ಸೇರಿದೆ. ವಾಯಿದೆ ದಾಟದ ಬೆಳೆ ಸಾಲಕ್ಕೆ ಚಕ್ರಬಡ್ಡಿ ಇಲ್ಲ, ಹಾಗಾಗಿ ಅಸಲು 1,29,400ಕ್ಕೆ ಮಾತ್ರ ಹಿಡಿಯಬೇಕು. 1,439 ರೂಪಾಯಿ ಆಯಿತು. 1,36,444ಕ್ಕೆ ಹಿಡಿದಿದ್ದರೆ 78 ರೂಪಾಯಿ ಸುಮ್ಮನೆ ಹೆಚ್ಚು.

ಅಲ್ಲಿಗೆ ಒಯ್ಯಬೇಕಾದ ರೊಕ್ಕ 1,37,883. ಫೋನಿನಲ್ಲಿ ಹೇಳಿದಾಗ ಕಾಕಾ ಒಪ್ಪಲಿಲ್ಲ. "ಅಲ್ಲೋ, ಅಳಿಯ ಒಂದ್ ಲಕ್ಷ ಮೂವತ್ನಾಕು ಸಾವಿರದ ಐನೂರು ಎಪ್ಪತ್ತಾರು ಅಂದಾನಲ್ಲ?" ಅಳಿಯ 1,29,400ಕ್ಕೆ ಇಡೀ ವರ್ಷದ ನಾಕು ಪರ್ಸೆಂಟ್, 5,176, ಕೂಡಿಸಿ ಹೇಳಿದ್ದ. ಅದರಲ್ಲಿ ತಪ್ಪು ಎರಡು. ಒಟ್ಟು ಬಡ್ಡಿ 8,483. ಅದರ ಏಳರಲ್ಲಿ ನಾಕು ಪಾಲು 4,847, 5,176 ಅಲ್ಲ, ಯಾಕೆಂದರೆ ರೊಕ್ಕ ಇಡೀ ವರ್ಷ ಇಟ್ಟುಕೊಂಡಿಲ್ಲ. ಎರಡನೆಯದು ದೊಡ್ಡದು. ನಮ್ಮ ಕಡೆ ಬ್ಯಾಂಕಿನಲ್ಲಿ ಕೌಂಟರಿಗೆ ಏಳರಂತೆಯೇ ಕಟ್ಟಬೇಕು. ಮಿಕ್ಕ ಮೂರು ಪಾಲು, ಅಂದರೆ 3,636 ರೂಪಾಯಿ, ಆಮೇಲೆ ಖಾತೆಗೆ ಬರುತ್ತದೆ. ಅಳಿಯನ ಲೆಕ್ಕ ನಂಬಿ ಹೋಗಿದ್ದರೆ ಕಾಕಾ ಕೌಂಟರಿನಲ್ಲಿ 3,307 ರೂಪಾಯಿ ಕಡಿಮೆ ಹಿಡಿದು ನಿಂತಿರುತ್ತಿದ್ದ.

ಆ 3,636 ಬರಬೇಕಾದರೆ ವಾಯಿದೆ ಮೀರಬಾರದು. ವಾಯಿದೆ ದಿನ ಫೋಟೋದಲ್ಲಿ ಇರುವುದಿಲ್ಲ, ಬ್ಯಾಂಕಿನಿಂದ ಬಂದ ಮೆಸೇಜನ್ನು ಹುಡುಕಿಸಿದೆ. 11-06-2025. ಒಂದು ದಿನ ತಡವಾದರೂ ಆ ರಿಯಾಯಿತಿ ಪೂರಾ ಹೋಗುತ್ತದೆ, ಏಳರ ದರವೂ ಅಲ್ಲಿಗೆ ನಿಲ್ಲುತ್ತದೆ. ಕಾಕಾ ತಿರುವಿ ಹಾಕಲು ಒಂದು ವಾರದ ಮಟ್ಟಿಗೆ ನೂರಕ್ಕೆ ಎರಡು ರೂಪಾಯಿಯ ಬಡ್ಡಿಗೆ ಕೈಗಡ ತರುವವನಿದ್ದ. ಎಷ್ಟು ತರಬೇಕು ಅನ್ನೋದು ಮೊದಲೇ ಗೊತ್ತಾಗದಿದ್ದರೆ ಹತ್ತು ಸಾವಿರ ಹೆಚ್ಚಿಗೆ ತಂದು ಅದಕ್ಕೂ ಬಡ್ಡಿ ಕಟ್ಟುತ್ತಾರೆ ನಮ್ಮವರು.

ಕಾಕಾ ಮೇ 28ಕ್ಕೇ ಕಟ್ಟಿ ಬಂದ. ಕೌಂಟರಿನಲ್ಲಿ ಕೇಳಿದ್ದು 1,37,908. ನನ್ನದಕ್ಕಿಂತ 25 ಹೆಚ್ಚು, ಕಟ್ಟಿದ ದಿನವನ್ನೂ ಎಣಿಸಿದ್ದರು. ದೀಪಾವಳಿ ಮುಗಿದ ಮೇಲೆ ಇನ್ನೊಂದು ಫೋಟೋ ಬಂತು, ಮೂರು ಪರ್ಸೆಂಟ್ ಜಮಾ ಆಗಿದೆಯಾ ನೋಡು ಅಂತ. ಈ ಸಲ ಫ್ಲ್ಯಾಶ್ ಇರಲಿಲ್ಲ, ಬೆಳಕು ಚೆನ್ನಾಗಿತ್ತು, ಡಾಕ್ಯುಮೆಂಟ್ ಅಂತಲೇ ಕಳಿಸಿದ್ದ. ಜಮಾ ಕಾಲಂ ಮೇಲೆ ಮಾತ್ರ ಕಾಕಾನ ಹೆಬ್ಬೆರಳು ಕೂತಿತ್ತು.