ಮಾಲೀಕ ಬೇಡ ಅಂದಿದ್ದ, ಆದರೂ ಹೊಣೆ ಯಾರದ್ದು?

ಟಾರ್ಟ್, ಅಂದರೆ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನಿನ ಪರೀಕ್ಷೆಯಲ್ಲಿ ಮೊದಲ ಸಲ ನಾನು ಎಡವಿದ್ದು ವೈಕೇರಿಯಸ್ ಲಯಬಿಲಿಟಿ ಪ್ರಶ್ನೆಯಲ್ಲಿ. ಕೆಲಸದವನು ಕೆಲಸದಲ್ಲಿ ಮಾಡಿದ ತಪ್ಪಿಗೆ ಮಾಲೀಕ ಹೊಣೆಯಾಗುವುದೇ ಅದು. 'ಮಾಲೀಕ ಬೇಡ ಅಂದಿದ್ದ, ಡ್ರೈವರ್ ಕೇಳಲಿಲ್ಲ, ಹಾಗಾಗಿ ಮಾಲೀಕ ಹೊಣೆಯಲ್ಲ' ಎಂದು ಬರೆದೆ. ಹತ್ತಕ್ಕೆ ಮೂರು ಅಂಕ ಬಂತು.

ಮುಂದಿನ ಸಲ ಓದಿದ್ದು ಪಾಲಿಬೆಟ್ಟದ ಹತ್ತಿರ ದೊಡ್ಡಪ್ಪನ ತೋಟದಲ್ಲಿ. ಕಾಫಿ ಕೊಯ್ಲು ಮುಗಿಯುತ್ತಿತ್ತು. ಪಿಕಪ್‌ಗೆ ಮೂಟೆ ತುಂಬಿಸಿ ಕುಶಾಲನಗರಕ್ಕೆ ಕಳಿಸುವಾಗ ದೊಡ್ಡಪ್ಪ ಡ್ರೈವರ್‌ಗೆ ದಿನಾ ಹೇಳೋರು: "ತಿರುವಲ್ಲಿ ಜೋರಾಗಿ ಬಿಡಬೇಡ. ಗಾಡಿ ಬೇರೆಯವರ ಕೈಗೆ ಕೊಡಬೇಡ."

ಎರಡೂ 'ಬೇಡ'ಗಳೇ. ಆದರೆ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಮೊದಲನೆಯದು ಕೆಲಸ ಹೇಗೆ ಮಾಡಬೇಕು ಅನ್ನೋದು. ಎರಡನೆಯದು ಯಾವ ಕೆಲಸ ಯಾರದ್ದು ಅನ್ನೋದು.

ಡ್ರೈವರ್ ಜೋರಾಗಿ ಹೋಗಿ ಸ್ಕೂಟರ್‌ಗೆ ಗುದ್ದಿದ ಅಂದುಕೊಳ್ಳಿ. ಗಾಡಿ ಓಡಿಸೋದೇ ಅವನ ಕೆಲಸ. ಅದನ್ನೇ ತಪ್ಪಾಗಿ ಮಾಡಿದ್ದಾನೆ, ಅಷ್ಟೇ. ದೊಡ್ಡಪ್ಪ ಹೊಣೆ. 1862ರ ಲಿಂಪಸ್ ಪ್ರಕರಣ ಇದೇ. ಬೇರೆ ಬಸ್ಸುಗಳ ಜೊತೆ ರೇಸ್ ಮಾಡಬಾರದು, ಅಡ್ಡ ಹಾಕಬಾರದು ಎಂದು ಕಂಪನಿ ಡ್ರೈವರ್‌ಗಳಿಗೆ ತಾಕೀತು ಮಾಡಿತ್ತು. ಆದರೂ ಒಬ್ಬ ಎದುರಾಳಿ ಬಸ್ಸಿಗೆ ಅಡ್ಡ ಹಾಕಿದ. ಕಂಪನಿಯೇ ಹೊಣೆಯಾಯಿತು.

ಈಗ ಡ್ರೈವರ್ ಟೀ ಕುಡಿಯಲು ಇಳಿದಾಗ ಮೂಟೆ ಹೊರುವ ಹುಡುಗ ತಾನಾಗಿಯೇ ಗಾಡಿ ಓಡಿಸಿ ಗುದ್ದಿದ ಅನ್ನಿ. ಓಡಿಸೋದು ಅವನ ಕೆಲಸವೇ ಅಲ್ಲ. ಅವನ ತಪ್ಪಿಗೆ ದೊಡ್ಡಪ್ಪ ಹೊಣೆಯಲ್ಲ. ನಮ್ಮ ಸುಪ್ರೀಂ ಕೋರ್ಟ್ 1966ರಲ್ಲಿ ಸೀತಾರಾಮ್ ಮೋತಿಲಾಲ್ ಕಲಾಲ್ ಪ್ರಕರಣದಲ್ಲಿ ಟ್ಯಾಕ್ಸಿ ಮಾಲೀಕನನ್ನು ಬಿಟ್ಟಿದ್ದೂ ಇಂಥ ಸಂದರ್ಭದಲ್ಲೇ. ಅಲ್ಲಿ ಕ್ಲೀನರ್ ಡ್ರೈವಿಂಗ್ ಟೆಸ್ಟ್‌ಗೆ ಟ್ಯಾಕ್ಸಿ ಓಡಿಸುತ್ತಿದ್ದ. ಅದು ಮಾಲೀಕನ ಕೆಲಸ ಆಗಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಅಂಕ ಹೋಗುತ್ತೆ. ಡ್ರೈವರ್ ತಾನೇ ಕೀ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತಿದ್ದರೆ? ಆಗ ಹುಡುಗನನ್ನು ಬಿಟ್ಟು ಡ್ರೈವರ್‌ನನ್ನು ನೋಡಬೇಕು. ಗಾಡಿ ಹತೋಟಿಯಲ್ಲಿಡೋದು ಅವನ ಕೆಲಸ, ಅದರಲ್ಲೇ ಅಜಾಗರೂಕತೆ ತೋರಿಸಿದ್ದಾನೆ. ಆ ದಾರಿಯಲ್ಲಿ ಹೊಣೆ ಮತ್ತೆ ಮಾಲೀಕನಿಗೇ ಬರಬಹುದು. ಪ್ರಶ್ನೆಯಲ್ಲಿ 'ಡ್ರೈವರ್ ಪಕ್ಕದಲ್ಲಿದ್ದ' ಎಂಬ ಮಾತು ಕಂಡರೆ ನಾನು ಈಗ ಅಡಿಗೆರೆ ಹಾಕುತ್ತೇನೆ.

ಲಿಫ್ಟ್ ಕೊಡುವ ಪ್ರಶ್ನೆ ಇನ್ನೂ ಕಷ್ಟ. 1946ರ ಟ್ವೈನ್ ಪ್ರಕರಣದಲ್ಲಿ ನಿಷೇಧ ಮೀರಿ ಹತ್ತಿಸಿಕೊಂಡವನ ಸಾವಿಗೆ ಕಂಪನಿ ಹೊಣೆಯಾಗಲಿಲ್ಲ. 1976ರ ರೋಸ್ ಪ್ರಕರಣದಲ್ಲಿ ಹಾಲಿನ ಗಾಡಿಯ ಹುಡುಗನಿಗೆ ಪರಿಹಾರ ಸಿಕ್ಕಿತು, ಅದೂ ಒಬ್ಬ ನ್ಯಾಯಾಧೀಶರ ಭಿನ್ನಮತದೊಂದಿಗೆ. ಆ ಹುಡುಗ ಹಾಲು ಹಂಚಲು ಸಹಾಯ ಮಾಡುತ್ತಿದ್ದ, ಅಂದರೆ ಮಾಲೀಕನ ವ್ಯವಹಾರವೇ ನಡೆಯುತ್ತಿತ್ತು. ಹಾಗಾಗಿ ನಾನು ಉತ್ತರದ ಮೊದಲ ಸಾಲಲ್ಲೇ ಕೇಳಿಕೊಳ್ಳುತ್ತೇನೆ: ಹತ್ತಿಸಿಕೊಂಡ ಹುಡುಗ ಶಾಲೆಗೆ ಹೊರಟಿದ್ದನಾ, ಮೂಟೆ ಇಳಿಸಲು ಬಂದಿದ್ದನಾ?